'ಯಾವಾಗಲೂ', 'ಎಂದಿಗೂ ಇಲ್ಲ' ಅಂತಿರೋ ಆಪ್ಷನ್‌ನಲ್ಲಿ ಮಾರ್ಕ್ಸ್ ಹೋಗ್ತಿದ್ರೆ: ಲಾ ಎಂಸಿಕ್ಯೂ ದೋಷ ನಿವಾರಣೆ

ಸಮಸ್ಯೆ ಹೀಗಿರತ್ತೆ. ನಾಲ್ಕು ಆಪ್ಷನ್‌ನಲ್ಲಿ ಎರಡನ್ನ ಆರಾಮಾಗಿ ತೆಗೆದು ಹಾಕಿದ್ದೀರಿ. ಉಳಿದ ಎರಡರಲ್ಲಿ ಒಂದು "ಯಾವುದೇ ಸಂದರ್ಭದಲ್ಲೂ ಸಾಧ್ಯವಿಲ್ಲ" ಅನ್ನತ್ತೆ, ಇನ್ನೊಂದು "ಸಾಮಾನ್ಯವಾಗಿ ಸಾಧ್ಯವಿಲ್ಲ, ಆದರೆ ನ್ಯಾಯದ ಹಿತದೃಷ್ಟಿಯಿಂದ ಕೋರ್ಟ್ ಅನುಮತಿಸಬಹುದು" ಅನ್ನತ್ತೆ. ಕೈ ತಾನಾಗೇ ಎರಡನೇದಕ್ಕೆ ಹೋಗತ್ತೆ, ಯಾಕಂದ್ರೆ ಕೋಚಿಂಗ್ ಕ್ಲಾಸಲ್ಲಿ ಯಾರೋ ಹೇಳಿರ್ತಾರೆ, ಕಾನೂನಲ್ಲಿ ಎಲ್ಲದಕ್ಕೂ ಎಕ್ಸೆಪ್ಷನ್ ಇದ್ದೇ ಇರತ್ತೆ, 'ಎಂದಿಗೂ' ಅಂತ ಕಂಡ್ರೆ ಹೊಡೆದು ಹಾಕು ಅಂತ. ಆಮೇಲೆ ಕೀ ಆನ್ಸರ್ ನೋಡಿದ್ರೆ ಮೊದಲನೇದೇ ಸರಿ.

ಆ ರೂಲ್ ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಎಷ್ಟೋ ಸಲ ಕೆಲಸ ಮಾಡತ್ತೆ, ಅದಕ್ಕೇ ಬಿಡೋಕೆ ಮನಸ್ಸಾಗಲ್ಲ. ಆದ್ರೆ ಪೇಪರ್ ಸೆಟ್ ಮಾಡೋರಿಗೂ ಅದು ಗೊತ್ತು. "ಸಾಮಾನ್ಯವಾಗಿ", "ಸಂದರ್ಭಾನುಸಾರ" ಅಂತ ಮೆತ್ತಗಿರೋ ಆಪ್ಷನ್ನೇ ಬಲೆ ಮಾಡಿ ಇಡ್ತಾರೆ.

ಮೊದಲು ನಿಮ್ಮ ದೋಷ ಯಾವ ಕಡೆದು ಅಂತ ನೋಡಿ

ಇಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇದೆ, ಹೊರಗಿಂದ ಎರಡೂ ಒಂದೇ ಥರ ಕಾಣತ್ತೆ, ಔಷಧ ಮಾತ್ರ ಉಲ್ಟಾ. ಹಳೇ ಮಾಕ್ ಟೆಸ್ಟ್‌ಗಳನ್ನ ತೆಗೆದು, ತಪ್ಪಾದ ಕ್ವಶ್ಚನ್‌ಗಳಲ್ಲಿ ಯಾವುದಾದ್ರೂ ಆಪ್ಷನ್‌ನಲ್ಲಿ ಯಾವಾಗಲೂ, ಎಂದಿಗೂ, ಪ್ರತಿಯೊಂದು, ಯಾವುದೇ, ಮಾತ್ರ, ಸಂಪೂರ್ಣವಾಗಿ ಅನ್ನೋ ಥರದ ಪದ ಇರೋದನ್ನ ಮಾತ್ರ ಬೇರೆ ಮಾಡಿ. ಆ ಗಟ್ಟಿ ಆಪ್ಷನ್ ಸರಿ ಇದ್ದೂ ನೀವು ಬಿಟ್ಟಿದ್ರೆ ಒಂದು ಗುಂಪು, ಅದು ತಪ್ಪಿದ್ದೂ ನೀವು ಅದನ್ನೇ ಹಿಡಿದಿದ್ರೆ ಇನ್ನೊಂದು ಗುಂಪು.

ಮೊದಲ ಗುಂಪು ದೊಡ್ಡದಿದ್ರೆ ನೀವು ಪದ ನೋಡಿ ಹೆದರ್ತಿದ್ದೀರಿ ಅಂತ, ಸೆಕ್ಷನ್ ನೆನಪಿದ್ರೂ ಅದನ್ನ ನಂಬ್ತಿಲ್ಲ. ಎರಡನೇ ಗುಂಪು ದೊಡ್ಡದಿದ್ರೆ ಸೆಕ್ಷನ್‌ನ ಮೊದಲ ಸಾಲು ಮಾತ್ರ ಓದಿದ್ದೀರಿ, ಕೆಳಗಿರೋ ಪ್ರೊವೈಸೊ ಬಿಟ್ಟಿದ್ದೀರಿ. ಎರಡೂ ಸಮ ಸಮ ಇದ್ರೆ ಬಹುಶಃ ಆಪ್ಷನ್‌ನಲ್ಲಿ ಆ ಗಟ್ಟಿ ಪದ ಯಾವುದಕ್ಕೆ ಅಂಟಿಕೊಂಡಿದೆ ಅಂತ ನೋಡದೆ ಓಡ್ತಿದ್ದೀರಿ, ಅದನ್ನ ಕೆಳಗೆ ಹೇಳ್ತೀನಿ.

ಒಂದು ಕೇಸ್ ಪೂರ್ತಿ ಬಿಚ್ಚಿ ನೋಡೋಣ: ಪೊಲೀಸ್ ಮುಂದೆ ತಪ್ಪೊಪ್ಪಿಗೆ

ಈ ದೋಷ ಕಂಡುಹಿಡಿಯೋಕೆ ಇದಕ್ಕಿಂತ ಒಳ್ಳೆ ಟಾಪಿಕ್ ಇಲ್ಲ ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಒಂದೇ ಸೆಕ್ಷನ್ ಮೇಲೆ 'ಎಂದಿಗೂ' ಸರಿಯಾಗೋ ಕ್ವಶ್ಚನ್ನೂ ಮಾಡಬಹುದು, ತಪ್ಪಾಗೋ ಕ್ವಶ್ಚನ್ನೂ ಮಾಡಬಹುದು.

ಕಾನೂನು ಇಷ್ಟು. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಸೆಕ್ಷನ್ 23(1) ಪ್ರಕಾರ ಪೊಲೀಸ್ ಅಧಿಕಾರಿ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನ ಆರೋಪಿ ವಿರುದ್ಧ ಸಾಬೀತು ಮಾಡೋ ಹಾಗಿಲ್ಲ. 23(2) ಪ್ರಕಾರ ಪೊಲೀಸ್ ಕಸ್ಟಡಿಯಲ್ಲಿ ಇದ್ದಾಗ ಬೇರೆ ಯಾರ ಮುಂದೆ ಒಪ್ಪಿಕೊಂಡ್ರೂ ಅಷ್ಟೇ, ಮ್ಯಾಜಿಸ್ಟ್ರೇಟ್ ಎದುರಿಗೇ ಒಪ್ಪಿಕೊಂಡಿದ್ರೆ ಬೇರೆ ಮಾತು. ಇದರ ಕೆಳಗೆ ಒಂದು ಪ್ರೊವೈಸೊ ಇದೆ: ಕಸ್ಟಡಿಯಲ್ಲಿರೋ ಆರೋಪಿ ಕೊಟ್ಟ ಮಾಹಿತಿಯಿಂದ ಯಾವುದಾದ್ರೂ ಸಂಗತಿ ಪತ್ತೆಯಾದ್ರೆ, ಆ ಪತ್ತೆಗೆ ನೇರವಾಗಿ ಸಂಬಂಧಪಟ್ಟಷ್ಟು ಭಾಗವನ್ನ ಸಾಬೀತು ಮಾಡಬಹುದು. ಹಳೇ 1872ರ ಸಾಕ್ಷ್ಯ ಕಾಯ್ದೆಯಲ್ಲಿ ಇವೇ 25, 26, 27 ಅಂತ ಮೂರು ಬೇರೆ ಸೆಕ್ಷನ್ ಆಗಿದ್ವು, ಹಳೇ ಮೆಟೀರಿಯಲ್ ಓದ್ತಿರೋರಿಗೆ ಆ ನಂಬರ್‌ಗಳೇ ಸಿಗತ್ತೆ.

ಈಗ ಕ್ವಶ್ಚನ್. ಕೊಲೆ ಕೇಸಲ್ಲಿ ಅರೆಸ್ಟ್ ಆಗಿರೋ ಆರೋಪಿ ಸ್ಟೇಷನ್‌ನಲ್ಲಿ ಇನ್ಸ್‌ಪೆಕ್ಟರ್ ಹತ್ರ, "ನಾನು ಅವನಿಗೆ ಚುಚ್ಚಿದ ಚಾಕುವನ್ನ ಮನೆ ಹಿಂದಿನ ಬಾವಿ ಪಕ್ಕ ಹೂತಿಟ್ಟಿದ್ದೀನಿ, ತೋರಿಸ್ತೀನಿ" ಅಂತಾನೆ. ಪೊಲೀಸರು ಕರ್ಕೊಂಡು ಹೋಗ್ತಾರೆ, ಅಗೆದಾಗ ಚಾಕು ಸಿಗತ್ತೆ. ಆಪ್ಷನ್‌ಗಳು:

ಎ) ಈ ಹೇಳಿಕೆಯ ಯಾವ ಭಾಗವನ್ನೂ ಎಂದಿಗೂ ಆರೋಪಿ ವಿರುದ್ಧ ಸಾಬೀತುಪಡಿಸುವಂತಿಲ್ಲ.
ಬಿ) ಚಾಕು ಸಿಕ್ಕಿದ್ದರಿಂದ ಹೇಳಿಕೆ ನಿಜ ಎಂದಾಯಿತು, ಪೂರ್ತಿ ಹೇಳಿಕೆ ಸಾಬೀತುಪಡಿಸಬಹುದು.
ಸಿ) ಚಾಕು ಹೂತಿಟ್ಟ ಜಾಗದ ಬಗ್ಗೆ ಹೇಳಿದಷ್ಟು ಭಾಗವನ್ನು ಮಾತ್ರ ಸಾಬೀತುಪಡಿಸಬಹುದು.
ಡಿ) ಹೇಳಿಕೆ ಸ್ವಯಂಪ್ರೇರಿತ ಎಂದು ಕೋರ್ಟಿಗೆ ಮನವರಿಕೆಯಾದರೆ ಸಾಬೀತುಪಡಿಸಬಹುದು.

ಉತ್ತರ ಸಿ. 1947ರ ಪುಲುಕುರಿ ಕೊಟ್ಟಯ್ಯ ಕೇಸಲ್ಲಿ ಪ್ರಿವಿ ಕೌನ್ಸಿಲ್ ಹೇಳಿದ್ದು ಇದನ್ನೇ, ಚಾಕು ಬಚ್ಚಿಟ್ಟಿದ್ದೀನಿ ಅನ್ನೋದು ಒಳಗೆ ಬರತ್ತೆ, "ಅದ್ರಲ್ಲೇ ಚುಚ್ಚಿದ್ದು" ಅನ್ನೋದು ಬರಲ್ಲ, ಯಾಕಂದ್ರೆ ಪತ್ತೆಯಾಗಿದ್ದು ಚಾಕು ಇದ್ದ ಜಾಗ ಮತ್ತು ಅದು ಅವನಿಗೆ ಗೊತ್ತಿತ್ತು ಅನ್ನೋದು, ಚುಚ್ಚಿದ್ದು ಅಲ್ಲ. ಎ ತಪ್ಪು. ಆದ್ರೆ ಗಮನಿಸಿ, ಎ ತಪ್ಪಾಗಿದ್ದು 'ಎಂದಿಗೂ' ಇದೆ ಅಂತಲ್ಲ. ಈ ಫ್ಯಾಕ್ಟ್ಸ್‌ನಲ್ಲಿ ಪ್ರೊವೈಸೊಗೆ ಬೇಕಾದ ಎಲ್ಲವೂ ಇದೆ, ಕಸ್ಟಡಿ ಇದೆ, ಮಾಹಿತಿ ಇದೆ, ಅದರಿಂದ ಪತ್ತೆ ಆಗಿದೆ. ಅದಕ್ಕೆ ತಪ್ಪು. ಇನ್ನೊಂದು, ಸರಿ ಉತ್ತರ ಸಿ ಒಳಗೂ 'ಮಾತ್ರ' ಕೂತಿದೆ ನೋಡಿ! ಗಟ್ಟಿ ಪದ ಇದ್ದದ್ದನ್ನೆಲ್ಲ ಹೊಡೆದು ಹಾಕೋರಿಗೆ ಉಳಿಯೋದು ಬಿ ಮತ್ತು ಡಿ, ಎರಡೂ ತಪ್ಪು.

ಈಗ ಅದೇ ಕ್ವಶ್ಚನ್‌ನಲ್ಲಿ ಒಂದೇ ಒಂದು ವಿಷಯ ಬದಲಾಯಿಸಿ. ಆರೋಪಿ ಇನ್ಸ್‌ಪೆಕ್ಟರ್ ಮುಂದೆ "ನಾನೇ ಕೊಂದೆ" ಅಂತಾನೆ, ಯಾವ ವಸ್ತುವೂ ಸಿಗಲ್ಲ, ಬೇರೆ ಯಾವುದೂ ಪತ್ತೆ ಆಗಲ್ಲ. ಎರಡು ಆಪ್ಷನ್ ಮಧ್ಯೆ ಜಗಳ: "ಎಷ್ಟೇ ಸ್ವಯಂಪ್ರೇರಿತವಾಗಿದ್ದರೂ ಈ ತಪ್ಪೊಪ್ಪಿಗೆಯನ್ನು ಆರೋಪಿ ವಿರುದ್ಧ ಸಾಬೀತುಪಡಿಸುವಂತಿಲ್ಲ" ಅಂತ ಒಂದು, "ಸ್ವಯಂಪ್ರೇರಿತ ಎಂದು ಕಂಡುಬಂದರೆ ಕೋರ್ಟ್ ಪರಿಗಣಿಸಬಹುದು" ಅಂತ ಇನ್ನೊಂದು. ಎರಡನೇದು ಎಷ್ಟು ಸಮಂಜಸವಾಗಿ ಕೇಳ್ಸತ್ತೆ ಅಲ್ವಾ, ನ್ಯಾಯಾಧೀಶರಿಗೆ ವಿವೇಚನೆ ಕೊಡತ್ತೆ, ಸತ್ಯ ಹೊರಗೆ ಬರಲಿ ಅನ್ನತ್ತೆ. ಆದ್ರೆ ಸೆಕ್ಷನ್ 23(1) ಸ್ವಯಂಪ್ರೇರಿತವೋ ಅಲ್ವೋ ಅಂತ ಕೇಳೋದೇ ಇಲ್ಲ. ಒತ್ತಡ, ಆಮಿಷ, ಬೆದರಿಕೆ ಪ್ರಶ್ನೆ ಬರೋದು ಸೆಕ್ಷನ್ 22ರಲ್ಲಿ, ಅದು ಬೇರೆ ಬಾಗಿಲು. 23(1) ಕೇಳೋದು ಒಂದೇ, ಮುಂದೆ ಇದ್ದೋರು ಪೊಲೀಸ್ ಅಧಿಕಾರಿನಾ? ಹೌದು ಅಂದ್ರೆ ಮುಗೀತು. ಹಾಗಾಗಿ ಇಲ್ಲಿ ಗಟ್ಟಿ ಆಪ್ಷನ್ನೇ ಸರಿ.

ಇದರಿಂದ ಸಿಗೋ ಟೆಸ್ಟ್ ಹೀಗೆ: ಎಕ್ಸೆಪ್ಷನ್ ಕಾನೂನಲ್ಲಿ ಇದೆಯಾ ಅಂತ ಕೇಳೋದು ಸಾಲದು, ಆ ಎಕ್ಸೆಪ್ಷನ್ ಈ ಕ್ವಶ್ಚನ್‌ನ ಫ್ಯಾಕ್ಟ್ಸ್‌ಗೆ ತಲುಪತ್ತಾ, ಆಪ್ಷನ್‌ನ ವಾಕ್ಯದೊಳಗೆ ಬೀಳತ್ತಾ ಅಂತ ಕೇಳಬೇಕು. ಫ್ಯಾಕ್ಟ್ಸ್ ಇಲ್ಲದೆ ಬರೀ ಹೇಳಿಕೆ ಇದ್ರೆ, ಅಂದ್ರೆ "ಪೊಲೀಸ್ ಕಸ್ಟಡಿಯಲ್ಲಿ ಆರೋಪಿ ಹೇಳಿದ ಯಾವ ಮಾತನ್ನೂ ಎಂದಿಗೂ ಸಾಬೀತುಪಡಿಸುವಂತಿಲ್ಲ" ಅಂತ ಇದ್ರೆ, ಆಗ ಎಲ್ಲ ಎಕ್ಸೆಪ್ಷನ್ನೂ ಒಳಗೆ ಬೀಳತ್ತೆ, ಆ ಹೇಳಿಕೆ ತಪ್ಪು. ಫ್ಯಾಕ್ಟ್ಸ್ ಕೊಟ್ಟು "ಈ ತಪ್ಪೊಪ್ಪಿಗೆ" ಅಂತ ಇದ್ರೆ ಎಕ್ಸೆಪ್ಷನ್‌ಗಳಲ್ಲಿ ಬಹಳಷ್ಟು ಆಗಲೇ ಹೊರಗೆ ಹೋಗಿರತ್ತೆ.

ಇಲ್ಲಿ ಇನ್ನೊಂದು ಗೋಜಲು ಬರಬಹುದು. ಚೆನ್ನಾಗಿ ಓದಿರೋರು ಕೇಳ್ತಾರೆ, ಮಹಾರಾಷ್ಟ್ರದ ಎಂಕೋಕಾ ಥರದ ವಿಶೇಷ ಕಾಯ್ದೆಗಳಲ್ಲಿ ಎಸ್‌ಪಿ ದರ್ಜೆಗಿಂತ ಕಡಿಮೆ ಇಲ್ಲದ ಅಧಿಕಾರಿ ರೆಕಾರ್ಡ್ ಮಾಡಿದ ತಪ್ಪೊಪ್ಪಿಗೆ ನಡೆಯತ್ತಲ್ಲ, ಹಾಗಾದ್ರೆ ಗಟ್ಟಿ ಆಪ್ಷನ್ ಸರಿ ಹೇಗೆ ಅಂತ. ಒಳ್ಳೆ ಪ್ರಶ್ನೆನೇ. ಆದ್ರೆ ಕ್ವಶ್ಚನ್ "ಸಾಕ್ಷ್ಯ ಅಧಿನಿಯಮದ ಪ್ರಕಾರ" ಅಂತ ಶುರುವಾಗಿದ್ರೆ, ಅಥವಾ ಫ್ಯಾಕ್ಟ್ಸ್‌ನಲ್ಲಿ ಸಂಘಟಿತ ಅಪರಾಧದ ಸುಳಿವೇ ಇಲ್ಲದಿದ್ರೆ, ಎಂಕೋಕಾ ಆ ರೂಮೊಳಗೆ ಇಲ್ಲ. ನೀವಾಗೇ ಕರ್ಕೊಂಡು ಬರಬೇಡಿ. ಜಾಸ್ತಿ ಓದಿದೋರಿಗೆ ಮಾರ್ಕ್ಸ್ ಹೋಗೋದು ಹೆಚ್ಚಾಗಿ ಇಲ್ಲೇ.

ಗಟ್ಟಿ ಪದ ನಿಜಕ್ಕೂ ಸರಿ ಇರೋ ಜಾಗಗಳು

ಕಾನೂನಲ್ಲಿ ಎಲ್ಲದಕ್ಕೂ ಎಕ್ಸೆಪ್ಷನ್ ಇರತ್ತೆ ಅನ್ನೋದು ನಿಜ ಆಗಿದ್ರೆ ಈ ಟಾಪಿಕ್ಕೇ ಬೇಕಿರಲಿಲ್ಲ. ಕೆಲವು ಕಡೆ ಕಾನೂನು ಬೇಕಂತಲೇ ಬಾಗಿಲು ಪೂರ್ತಿ ಮುಚ್ಚಿರತ್ತೆ, ಅದಕ್ಕೆ ಕಾರಣನೂ ಇರತ್ತೆ. ಕಾರಣ ಗೊತ್ತಿದ್ರೆ ಪರೀಕ್ಷೆಲಿ ಧೈರ್ಯ ಬರತ್ತೆ.

ಒಂದು ಜಾಗ, ಶುರುವಿಂದಲೇ ಇಲ್ಲದ ವಸ್ತು. ಅಪ್ರಾಪ್ತರ ಒಪ್ಪಂದ ತಗೊಳ್ಳಿ. 1903ರ ಮೊಹೊರಿ ಬೀಬಿ ಕೇಸಲ್ಲಿ ಪ್ರಿವಿ ಕೌನ್ಸಿಲ್ ಹೇಳಿದ್ದು, ಅಪ್ರಾಪ್ತರು ಮಾಡಿಕೊಂಡ ಒಪ್ಪಂದ ವಾಯ್ಡಬಲ್ ಅಲ್ಲ, ವಾಯ್ಡ್, ಶುರುವಿಂದಲೇ ಶೂನ್ಯ. ಹಾಗಾದ್ರೆ "18 ತುಂಬಿದ ಮೇಲೂ ಅದನ್ನು ಅನುಮೋದಿಸಲು ಎಂದಿಗೂ ಸಾಧ್ಯವಿಲ್ಲ" ಅನ್ನೋ ಆಪ್ಷನ್ ಸರಿ. ಯಾಕಂದ್ರೆ ಅನುಮೋದನೆ ಅಂದ್ರೆ ಇರೋದಕ್ಕೆ ಒಪ್ಪಿಗೆ ಕೊಡೋದು, ಇಲ್ಲಿ ಇರೋದೇ ಏನೂ ಇಲ್ಲ. "ಪ್ರಾಪ್ತ ವಯಸ್ಕನಾದ ಮೇಲೆ ಸಮಂಜಸ ಕಾಲದೊಳಗೆ ಅನುಮೋದಿಸಬಹುದು" ಅನ್ನೋದು ಎಷ್ಟು ಮೆತ್ತಗೆ ಚೆಂದ ಕಂಡ್ರೂ ತಪ್ಪು. ಕೋರ್ಟಿಗೆ ವಿವೇಚನೆ ತೋರಿಸೋಕೆ ಇಲ್ಲಿ ಹಿಡಿಯೇ ಇಲ್ಲ.

ಆದ್ರೆ ಅದೇ ಟಾಪಿಕ್‌ನಲ್ಲಿ "ಅಪ್ರಾಪ್ತರು ಭಾಗಿಯಾದ ಒಪ್ಪಂದದಿಂದ ಅವರಿಗೆ ಎಂದಿಗೂ ಯಾವ ಹಕ್ಕೂ ಸಿಗುವುದಿಲ್ಲ" ಅಂತ ಬಂದ್ರೆ ಎಚ್ಚರ. ಅಪ್ರಾಪ್ತರು ಹಣ ಕೊಟ್ಟು ಅವರ ಪರವಾಗಿ ಅಡಮಾನ ಬರೆಸಿಕೊಂಡಿದ್ರೆ ಅದನ್ನ ಜಾರಿ ಮಾಡಿಸಬಹುದು, ಪಾಲುದಾರಿಕೆ ಕಾಯ್ದೆ 1932ರ ಸೆಕ್ಷನ್ 30ರಲ್ಲಿ ಎಲ್ಲ ಪಾಲುದಾರರು ಒಪ್ಪಿದ್ರೆ ಲಾಭಕ್ಕೆ ಮಾತ್ರ ಸೇರಿಸಿಕೊಳ್ಳಬಹುದು. ಕಾನೂನಿನ ಉದ್ದೇಶ ಅಪ್ರಾಪ್ತರನ್ನ ಕಾಪಾಡೋದು, ಅವರ ಮೇಲೆ ಹೊಣೆ ಬೀಳದ ಹಾಗೆ ನೋಡೋದು. ಹೊಣೆ ಬಗ್ಗೆ ಇರೋ ಗಟ್ಟಿ ವಾಕ್ಯ ಹೆಚ್ಚಾಗಿ ನಿಲ್ಲತ್ತೆ, ಲಾಭದ ಬಗ್ಗೆ ಇರೋ ಗಟ್ಟಿ ವಾಕ್ಯ ಬಿದ್ದುಹೋಗತ್ತೆ. ಕಾಂಟ್ರಾಕ್ಟ್ ಕಾಯ್ದೆ ಸೆಕ್ಷನ್ 68 ನೆನಪಿದ್ದು ಗೊಂದಲ ಆಗೋರಿಗೆ: ಅಗತ್ಯ ವಸ್ತು ಪೂರೈಸಿದೋರಿಗೆ ಹಣ ಸಿಗೋದು ಅಪ್ರಾಪ್ತರ ಆಸ್ತಿಯಿಂದ, ಅವರು ವೈಯಕ್ತಿಕವಾಗಿ ಹೊಣೆ ಅಲ್ಲ, ಅಲ್ಲೂ ಆ ಗೆರೆ ದಾಟಿಲ್ಲ.

ಇದೇ ಜಾತಿಗೆ ಸೇರಿದ್ದು ಕೋರ್ಟಿನ ಅಧಿಕಾರ ವ್ಯಾಪ್ತಿ. ಯಾವ ವಿಷಯ ವಿಚಾರಣೆ ಮಾಡೋ ಅಧಿಕಾರವೇ ಒಂದು ಕೋರ್ಟಿಗೆ ಇಲ್ವೋ, ಅದನ್ನ ಎರಡೂ ಪಾರ್ಟಿ ಒಪ್ಪಿ ಸಹಿ ಹಾಕಿ ಕೊಟ್ರೂ ಕೊಡೋಕಾಗಲ್ಲ. 1954ರ ಕಿರಣ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟ್ ಅಂಥ ಡಿಕ್ರಿ ಶೂನ್ಯ ಅಂತ ಹೇಳಿದೆ. ಆದ್ರೆ ಊರು, ಜಿಲ್ಲೆ ಲೆಕ್ಕದ ವ್ಯಾಪ್ತಿ ಮತ್ತು ದಾವೆಯ ಮೌಲ್ಯದ ವ್ಯಾಪ್ತಿ ಬೇರೆ, ಸಿಪಿಸಿ ಸೆಕ್ಷನ್ 21ರ ಪ್ರಕಾರ ಅದರ ಆಕ್ಷೇಪಣೆ ಮೊದಲೇ ಎತ್ತದಿದ್ರೆ ಮೇಲ್ಮನವಿಯಲ್ಲಿ ಸುಲಭಕ್ಕೆ ಎತ್ತೋಕಾಗಲ್ಲ. ಆಪ್ಷನ್‌ನಲ್ಲಿ "ವಿಷಯ ವ್ಯಾಪ್ತಿ" ಅಂತಿದ್ರೆ 'ಎಂದಿಗೂ' ಅನ್ನೋದು ಸರಿ, ಬರೀ "ವ್ಯಾಪ್ತಿ" ಅಂತ ಒಟ್ಟಾರೆ ಇದ್ರೆ ಅನುಮಾನ ಪಡಿ.

ಇನ್ನೊಂದು ಜಾಗ, ಸಂವಿಧಾನ ಅನುಭವದಿಂದ ಕಲಿತು ಮುಚ್ಚಿದ ಬಾಗಿಲು. 1976ರಲ್ಲಿ ಎಡಿಎಂ ಜಬಲ್‌ಪುರ್ ಕೇಸಲ್ಲಿ ಸುಪ್ರೀಂ ಕೋರ್ಟಿನ ಬಹುಮತ, ಎಮರ್ಜೆನ್ಸಿಯಲ್ಲಿ ಆರ್ಟಿಕಲ್ 21ರ ಜಾರಿಯನ್ನ ಅಮಾನತು ಮಾಡಿದ್ರೆ ಬಂಧನ ಪ್ರಶ್ನಿಸೋಕೆ ಕೋರ್ಟಿಗೆ ಬರೋ ಹಾಗಿಲ್ಲ ಅಂತು. ಅದಾದ ಮೇಲೆ 1978ರ 44ನೇ ತಿದ್ದುಪಡಿ ಆರ್ಟಿಕಲ್ 359ರಲ್ಲಿ 20 ಮತ್ತು 21ನ್ನ ಹೊರಗಿಟ್ಟಿತು. ಆದ್ದರಿಂದ "ಆರ್ಟಿಕಲ್ 359ರ ಆದೇಶದಿಂದ ಆರ್ಟಿಕಲ್ 20 ಮತ್ತು 21ರ ಜಾರಿಯನ್ನು ಎಂದಿಗೂ ಅಮಾನತುಗೊಳಿಸುವಂತಿಲ್ಲ" ಅನ್ನೋದು ಇವತ್ತಿನ ಪಠ್ಯದ ಪ್ರಕಾರ ನೂರಕ್ಕೆ ನೂರು ಸರಿ. "ಬಾಹ್ಯ ಆಕ್ರಮಣದ ಸಂದರ್ಭದಲ್ಲಿ ಮಾತ್ರ ಅಮಾನತುಗೊಳಿಸಬಹುದು" ಅನ್ನೋ ಆಪ್ಷನ್ ಪಕ್ಕದಲ್ಲೇ ಇಟ್ಟಿರ್ತಾರೆ, ಅದು ಆರ್ಟಿಕಲ್ 358ರಿಂದ ಕದ್ದು ತಂದ ಮಾತು, ಯುದ್ಧ ಅಥವಾ ಬಾಹ್ಯ ಆಕ್ರಮಣ ಅನ್ನೋ ಷರತ್ತು ಇರೋದು ಅಲ್ಲಿ, ಅದೂ ಆರ್ಟಿಕಲ್ 19ಕ್ಕೆ.

ಇಲ್ಲೇ ಆ ಮೂರನೇ ಥರದ ದೋಷ ಚೆನ್ನಾಗಿ ಕಾಣತ್ತೆ, ಗಟ್ಟಿ ಪದ ಯಾವುದಕ್ಕೆ ಅಂಟಿದೆ ಅಂತ ನೋಡದೆ ಇರೋದು. "ಆರ್ಟಿಕಲ್ 21ರ ಹಕ್ಕನ್ನು ಎಂದಿಗೂ ನಿರ್ಬಂಧಿಸುವಂತಿಲ್ಲ" ಅಂತ ಬಂದ್ರೆ? ತಪ್ಪು. ಕಾನೂನು ಹೇಳಿದ ವಿಧಾನದ ಪ್ರಕಾರ ಸ್ವಾತಂತ್ರ್ಯ ಕಸಿಯಬಹುದು ಅಂತ ಆರ್ಟಿಕಲ್ 21ರ ಒಳಗೇ ಇದೆ, ಇಲ್ಲಾಂದ್ರೆ ಜೈಲುಗಳೇ ಇರ್ತಿರಲಿಲ್ಲ. ಎರಡೂ ವಾಕ್ಯದಲ್ಲಿ ಎಂದಿಗೂ ಇದೆ, ಎರಡೂ 21ರ ಬಗ್ಗೆ ಇದೆ. ಒಂದರಲ್ಲಿ ಅದು 359ರ ಅಮಾನತಿಗೆ ಅಂಟಿದೆ, ಇನ್ನೊಂದರಲ್ಲಿ ನಿರ್ಬಂಧಕ್ಕೆ. ಹಾಗಾಗಿ ಆಪ್ಷನ್ ಓದುವಾಗ ಗಟ್ಟಿ ಪದದ ಕೆಳಗೆ ಗೆರೆ ಎಳೆಯೋದಲ್ಲ, ಅದಾದ ಮೇಲೆ ಬರೋ ಕ್ರಿಯಾಪದದ ಕೆಳಗೆ ಎಳೀರಿ.

ಸಂವಿಧಾನದಲ್ಲೇ ಇನ್ನೊಂದು ಜೋಡಿ ಬೇಗ ಹೇಳಿಬಿಡ್ತೀನಿ. ಆರ್ಟಿಕಲ್ 17 ಅಸ್ಪೃಶ್ಯತೆ ಆಚರಣೆಯನ್ನ ಯಾವುದೇ ರೂಪದಲ್ಲೂ ನಿಷೇಧಿಸಿದೆ, ಎಕ್ಸೆಪ್ಷನ್ ಹುಡುಕೋಕೆ ಹೋಗಬೇಡಿ, ಇಲ್ಲ. ಆರ್ಟಿಕಲ್ 23 ಬಲವಂತದ ದುಡಿಮೆಯನ್ನ ನಿಷೇಧಿಸಿದೆ, ಆದ್ರೆ ಅದರ ಎರಡನೇ ಕ್ಲಾಜ್‌ನಲ್ಲಿ ಸಾರ್ವಜನಿಕ ಉದ್ದೇಶಕ್ಕೆ ರಾಜ್ಯ ಕಡ್ಡಾಯ ಸೇವೆ ವಿಧಿಸಬಹುದು ಅಂತಿದೆ.

ಪ್ಯಾಸೇಜ್ ಅಥವಾ ತತ್ವ ಕೊಟ್ಟಿದ್ರೆ ಆಟವೇ ಬೇರೆ

ಕ್ಲಾಟ್ ಥರದ ಪೇಪರ್‌ನಲ್ಲಿ ತತ್ವ ಅವರೇ ಕೊಡ್ತಾರೆ, ನೀವು ಫ್ಯಾಕ್ಟ್ಸ್‌ಗೆ ಹಚ್ಚಬೇಕು. ಅಲ್ಲಿ ಗಟ್ಟಿ ಪದದ ಸರಿ ತಪ್ಪು ನಿರ್ಧಾರ ಆಗೋದು ನಿಮ್ಮ ತಲೆಯಲ್ಲಿರೋ ಕಾನೂನಿಂದ ಅಲ್ಲ, ಕೊಟ್ಟಿರೋ ತತ್ವದಿಂದ.

ಉದಾಹರಣೆಗೆ ತತ್ವ ಹೀಗಿದೆ: "ಅಪಾಯಕಾರಿ ಅಥವಾ ಸ್ವಭಾವತಃ ಅಪಾಯವುಳ್ಳ ಚಟುವಟಿಕೆ ನಡೆಸುವ ಉದ್ದಿಮೆಯಲ್ಲಿ ಅಪಘಾತವಾಗಿ ಯಾರಿಗಾದರೂ ಹಾನಿಯಾದರೆ ಉದ್ದಿಮೆ ಹೊಣೆ. ಇದಕ್ಕೆ ಯಾವ ವಿನಾಯಿತಿಯೂ ಇಲ್ಲ." ಫ್ಯಾಕ್ಟ್ಸ್: ಕ್ಲೋರಿನ್ ತಯಾರಿಸೋ ಕಾರ್ಖಾನೆ, ಎಲ್ಲ ಸುರಕ್ಷತಾ ಕ್ರಮ ತಗೊಂಡಿದೆ, ಭೂಕಂಪ ಆಗಿ ಟ್ಯಾಂಕ್ ಒಡೆದು ಗ್ಯಾಸ್ ಸೋರಿ ಅಕ್ಕಪಕ್ಕದವರು ಆಸ್ಪತ್ರೆ ಸೇರ್ತಾರೆ. ಆಪ್ಷನ್: ದೈವಕೃತ್ಯ ಆದ್ದರಿಂದ ಹೊಣೆ ಅಲ್ಲ; ನಿರ್ಲಕ್ಷ್ಯ ಸಾಬೀತಾದರೆ ಹೊಣೆ; ಯಾವುದೇ ಕಾರಣದಿಂದ ಅಪಘಾತ ಆಗಿದ್ದರೂ ಹೊಣೆ; ಭೂಕಂಪದ ಮುನ್ಸೂಚನೆ ಇದ್ದಿದ್ದರೆ ಮಾತ್ರ ಹೊಣೆ.

ಇಲ್ಲಿ ಟಾರ್ಟ್ಸ್ ಓದಿರೋರೇ ಎಡವೋದು. 1868ರ ರೈಲ್ಯಾಂಡ್ಸ್ ವಿರುದ್ಧ ಫ್ಲೆಚರ್ ತಲೆಗೆ ಬರತ್ತೆ, ಅದರಲ್ಲಿ ದೈವಕೃತ್ಯ, ಮೂರನೇ ವ್ಯಕ್ತಿಯ ಕೃತ್ಯ, ಫಿರ್ಯಾದಿಯ ಒಪ್ಪಿಗೆ ಅಂತ ವಿನಾಯಿತಿಗಳ ಪಟ್ಟಿಯೇ ಇದೆ, ಹಾಗಾಗಿ ಮೊದಲ ಆಪ್ಷನ್ ಸೆಳೆಯತ್ತೆ. ಆದ್ರೆ ಕೊಟ್ಟಿರೋ ತತ್ವ ಸ್ಟ್ರಿಕ್ಟ್ ಲಯಬಿಲಿಟಿ ಅಲ್ಲ, ಓಲಿಯಂ ಗ್ಯಾಸ್ ಸೋರಿಕೆಯ ಎಂ.ಸಿ. ಮೆಹ್ತಾ ಕೇಸಲ್ಲಿ ಸುಪ್ರೀಂ ಕೋರ್ಟ್ ರೂಪಿಸಿದ ಅಬ್ಸಲ್ಯೂಟ್ ಲಯಬಿಲಿಟಿ, ಅಲ್ಲಿ ರೈಲ್ಯಾಂಡ್ಸ್‌ನ ವಿನಾಯಿತಿಗಳು ಅನ್ವಯ ಆಗಲ್ಲ ಅಂತ ಕೋರ್ಟೇ ಹೇಳಿದೆ. ಆ ಕೇಸ್ ಓದಿಲ್ಲದಿದ್ರೂ ಪರವಾಗಿಲ್ಲ, ತತ್ವದ ಕೊನೇ ಸಾಲು ಸಾಕು. "ಯಾವುದೇ ಕಾರಣದಿಂದ" ಅನ್ನೋ ಆಪ್ಷನ್ ಸರಿ.

ಅದೇ ತತ್ವ ಇಟ್ಕೊಂಡು ಫ್ಯಾಕ್ಟ್ಸ್‌ನಲ್ಲಿ ಒಬ್ಬ ವ್ಯಕ್ತಿ ತನ್ನ ಜಮೀನಲ್ಲಿ ದೊಡ್ಡ ನೀರಿನ ತೊಟ್ಟಿ ಕಟ್ಟಿದ್ದ, ಅದು ಭೂಕಂಪಕ್ಕೆ ಒಡೀತು ಅಂತ ಬಂದ್ರೆ, ಆಗ ತತ್ವದಲ್ಲಿರೋ "ಯಾವ ವಿನಾಯಿತಿಯೂ ಇಲ್ಲ" ಕೆಲಸಕ್ಕೆ ಬರಲ್ಲ. ವಿನಾಯಿತಿ ಸಿಕ್ತು ಅಂತಲ್ಲ, ಅಪಾಯಕಾರಿ ಚಟುವಟಿಕೆ ನಡೆಸೋ ಉದ್ದಿಮೆ ಅನ್ನೋ ಪ್ರವೇಶದ ಷರತ್ತೇ ಪೂರೈಸಿಲ್ಲ. ಗಟ್ಟಿ ನಿಯಮಕ್ಕೆ ಒಳಗೆ ಹೋದ ಮೇಲೆ ಹೊರಬರೋ ಬಾಗಿಲಿಲ್ಲ, ಆದ್ರೆ ಒಳಗೆ ಹೋಗೋಕೆ ಒಂದು ಬಾಗಿಲು ಇದ್ದೇ ಇರತ್ತೆ. ಹುಡುಕೋಕೆ ಏನೂ ಸಿಗದಾಗ ಆ ಬಾಗಿಲನ್ನ ನೋಡಿ.

ಎಕ್ಸೆಪ್ಷನ್ ಅಡಗಿ ಕೂರೋ ಜಾಗ

ಎರಡನೇ ಗುಂಪಿನೋರಿಗೆ, ಅಂದ್ರೆ ತಪ್ಪು ಗಟ್ಟಿ ಆಪ್ಷನ್ ಹಿಡಿಯೋರಿಗೆ, ಇದು. ಪ್ರೊವೈಸೊ, ಎಕ್ಸೆಪ್ಷನ್ ಅಂತ ಬೇರೆ ತಲೆಬರಹ ಇದ್ರೆ ಹೇಗೋ ಕಣ್ಣಿಗೆ ಬೀಳತ್ತೆ. ವಾಕ್ಯದ ಹೊಟ್ಟೆಯಲ್ಲೇ ಇರೋದು ತಪ್ಪಿಹೋಗತ್ತೆ. ಕಾಂಟ್ರಾಕ್ಟ್ ಕಾಯ್ದೆ ಸೆಕ್ಷನ್ 26 ಮದುವೆಗೆ ತಡೆ ಒಡ್ಡೋ ಪ್ರತಿಯೊಂದು ಒಪ್ಪಂದವೂ ಶೂನ್ಯ ಅನ್ನತ್ತೆ, ಆದ್ರೆ ಮಧ್ಯದಲ್ಲಿ "ಅಪ್ರಾಪ್ತರನ್ನು ಬಿಟ್ಟು ಬೇರೆ ಯಾವುದೇ ವ್ಯಕ್ತಿಯ" ಮದುವೆಗೆ ಅಂತಿದೆ. ಪ್ರತಿಯೊಂದು ಅನ್ನೋ ಪದ ಶಾಸನದಲ್ಲೇ ಇದ್ದೂ ಎಲ್ಲರ ಮದುವೆಗೂ ಅನ್ವಯ ಅಂತ ಹೇಳೋ ಆಪ್ಷನ್ ತಪ್ಪಾಗತ್ತೆ.

ಕಾಲದ ಮಿತಿಯೂ ಹೀಗೇ ಅಡಗಿರತ್ತೆ. ರಾಷ್ಟ್ರಪತಿ ಮೇಲೆ ಕ್ರಿಮಿನಲ್ ಕೇಸ್ ಹಾಕೋ ಹಾಗೇ ಇಲ್ಲ ಅಂತ ಎಷ್ಟು ಜನ ನಂಬಿದ್ದಾರೆ ನೋಡಿ. ಆರ್ಟಿಕಲ್ 361(2) ಹೇಳೋದು ಅಧಿಕಾರಾವಧಿಯಲ್ಲಿ ಅಂತ. "ಅಧಿಕಾರಾವಧಿಯಲ್ಲಿ ಎಂದಿಗೂ ಇಲ್ಲ" ಸರಿ, ಬರೀ "ಎಂದಿಗೂ ಇಲ್ಲ" ತಪ್ಪು. ವಯಸ್ಸಿನ ಗೆರೆ ಕೂಡ ಇದೇ ಥರ, ಭಾರತೀಯ ನ್ಯಾಯ ಸಂಹಿತೆ ಸೆಕ್ಷನ್ 20ರ ಪ್ರಕಾರ 7 ವರ್ಷದೊಳಗಿನ ಮಗು ಮಾಡಿದ್ದು ಯಾವುದೂ ಅಪರಾಧ ಅಲ್ಲ, ಮಗು ಎಷ್ಟೇ ಚುರುಕಾಗಿದ್ರೂ. ಪಕ್ಕದ ಸೆಕ್ಷನ್ 21ರಲ್ಲಿ 7 ದಾಟಿ 12ರೊಳಗೆ ಇದ್ರೆ ತಿಳುವಳಿಕೆ ಎಷ್ಟು ಬಲಿತಿದೆ ಅಂತ ನೋಡ್ತಾರೆ. ಫ್ಯಾಕ್ಟ್ಸ್‌ನಲ್ಲಿ ವಯಸ್ಸು ಆರೂವರೆ ಅಂತಿದ್ದು "ಮಗು ತುಂಬ ಬುದ್ಧಿವಂತ, ಪರಿಣಾಮ ಗೊತ್ತಿತ್ತು" ಅಂತ ಉದ್ದಕ್ಕೆ ಬರೆದಿದ್ರೆ ಆ ವಿವರ ಎಲ್ಲ ನಿಮ್ಮನ್ನ 21ಕ್ಕೆ ಎಳೆಯೋಕೆ.

ಮತ್ತೆ ಕೆಲವು ಕಡೆ ಎಕ್ಸೆಪ್ಷನ್ ಬೇರೆ ಸೆಕ್ಷನ್‌ನಲ್ಲಿ ಇರತ್ತೆ, ನಿಯಮದ ಶುರುವಲ್ಲಿ ಅದರ ನಂಬರ್ ಮಾತ್ರ ಇರತ್ತೆ. ಲಿಮಿಟೇಷನ್ ಕಾಯ್ದೆ 1963ರ ಸೆಕ್ಷನ್ 3, ಅವಧಿ ಮೀರಿದ ದಾವೆಯನ್ನ ಎದುರು ಪಾರ್ಟಿ ಆಕ್ಷೇಪಿಸದಿದ್ರೂ ಕೋರ್ಟ್ ವಜಾ ಮಾಡಲೇಬೇಕು ಅನ್ನತ್ತೆ, ಆದ್ರೆ 4ರಿಂದ 24ರ ಸೆಕ್ಷನ್‌ಗಳಿಗೆ ಒಳಪಟ್ಟು. "ದಾವೆಗೆ ಸೆಕ್ಷನ್ 5ರ ಅಡಿ ವಿಳಂಬ ಮನ್ನಾ ಎಂದಿಗೂ ಸಿಗುವುದಿಲ್ಲ" ಅಂದ್ರೆ ಸರಿ, ಸೆಕ್ಷನ್ 5 ಇರೋದು ಅಪೀಲು ಮತ್ತು ಅರ್ಜಿಗಳಿಗೆ, ದಾವೆಗೆ ಅಲ್ಲ. "ದಾವೆಗೆ ಯಾವ ರೀತಿಯಲ್ಲೂ ಅವಧಿ ವಿಸ್ತರಣೆ ಸಿಗುವುದಿಲ್ಲ" ಅಂದ್ರೆ ತಪ್ಪು, ತಪ್ಪು ಕೋರ್ಟಲ್ಲಿ ಪ್ರಾಮಾಣಿಕವಾಗಿ ಹೋರಾಡಿದ ಕಾಲವನ್ನ ಸೆಕ್ಷನ್ 14 ಕಳೀತದೆ, ಅವಧಿಯೊಳಗೆ ಸಾಲ ಒಪ್ಪಿಕೊಂಡು ಸಹಿ ಹಾಕಿದ್ರೆ ಸೆಕ್ಷನ್ 18 ಹೊಸ ಎಣಿಕೆ ಶುರು ಮಾಡತ್ತೆ.

ಸೆಕ್ಷನ್ ನೆನಪೇ ಬರದಿದ್ರೆ

ಆಗ ಪದದ ಮೇಲೆ ಜೂಜಾಡಬೇಡಿ, ಆ ಗಟ್ಟಿ ಹೇಳಿಕೆಯನ್ನ ಒಡೆಯೋ ಒಂದೇ ಒಂದು ಉದಾಹರಣೆ ಕಟ್ಟೋಕೆ ಟ್ರೈ ಮಾಡಿ. "ಪ್ರತಿಫಲವಿಲ್ಲದ ಒಪ್ಪಂದ ಯಾವಾಗಲೂ ಶೂನ್ಯ" ಅಂತಿದ್ರೆ, ಅಣ್ಣ ತಮ್ಮನಿಗೆ ಪ್ರೀತಿಯಿಂದ ಏನೋ ಕೊಡ್ತೀನಿ ಅಂತ ಪತ್ರ ಬರೆದು ರಿಜಿಸ್ಟರ್ ಮಾಡಿಸಿದ್ರೆ? ಸೆಕ್ಷನ್ 25 ನಂಬರ್ ಮರೆತಿದ್ರೂ ಅದು ನಡೆಯತ್ತೆ ಅಂತ ಎಲ್ಲೋ ಓದಿದ್ದು ಹೊಳೆಯತ್ತೆ, ಹೇಳಿಕೆ ಬಿತ್ತು. ಉದಾಹರಣೆ ಎಷ್ಟು ತಿಣುಕಿದ್ರೂ ಹುಟ್ಟದಿದ್ರೆ ಗಟ್ಟಿ ಆಪ್ಷನ್ ಉಳಿಸಿಕೊಳ್ಳಿ.

ಅದರ ಎದುರು ಇರೋ ಮೆತ್ತಗಿನ ಆಪ್ಷನ್‌ಗೂ ಒಂದು ಪರೀಕ್ಷೆ ಕೊಡಿ. ಅದು "ಬಹುದು" ಅಂತಿದ್ರೆ ಯಾರು, ಯಾವ ಅಧಿಕಾರದಲ್ಲಿ ಅಂತ ಕೇಳಿ. ಕೋರ್ಟ್ ಅನುಮತಿಸಬಹುದು ಅಂದ್ರೆ ಯಾವ ಸೆಕ್ಷನ್ ಕೋರ್ಟಿಗೆ ಆ ವಿವೇಚನೆ ಕೊಟ್ಟಿದೆ? ಉತ್ತರ ಇಲ್ಲದಿದ್ರೆ ಅದು ಪೇಪರ್ ಸೆಟ್ ಮಾಡಿದೋರು ಕಲ್ಪಿಸಿದ ಎಕ್ಸೆಪ್ಷನ್. ಅಲ್ಲದೆ ಗಟ್ಟಿತನ ಯಾವಾಗಲೂ ಪದದ ರೂಪದಲ್ಲೇ ಬರತ್ತೆ ಅಂದ್ಕೋಬೇಡಿ. "ಜಾಮೀನು ನೀಡಲಾಗುತ್ತದೆ" ಅನ್ನೋ ಸಾದಾ ವಾಕ್ಯವೂ ಎಲ್ಲ ಕೇಸಿಗೂ ಅಂತಲೇ ಹೇಳ್ತಿದೆ, ಅದು ಸರಿ ಆಗೋದು ಜಾಮೀನಿಗೆ ಅರ್ಹವಾದ ಅಪರಾಧದಲ್ಲಿ ಮಾತ್ರ. ಅಂಥದ್ದಕ್ಕೂ ಮೇಲಿನ ಪ್ರಶ್ನೆಗಳನ್ನೇ ಕೇಳಿ, ಯಾರ ಕಣ್ಣಿಗೂ ಬೀಳದ ಗಟ್ಟಿ ಆಪ್ಷನ್ ಅಂದ್ರೆ ಇದೇ.